ಪಾಸ್‌ವರ್ಡ್ ಹೋಗಿ ಪಾಸ್‌ಕೀ ಬರ್ತೈತೆ, ಫೋನ್ ಕಳೆದ್ರೆ ಏನ್ ಮಾಡ್ಬೇಕು ಅನ್ನೋದು ಈಗ್ಲೇ ಓದ್ಕೊಳ್ರಿ

ನಮ್ಮಲ್ಲಿ ಮಾಲು ತಗೊಳ್ಳೋ ಎಲ್ಲಾ ಅಂಗಡಿಯೋರಿಗೆ ದಾವಣಗೆರೆ ಚೌಕಿಪೇಟೆಯಿಂದ ನಮಸ್ಕಾರ.

ಮುಂದಿನ ತಿಂಗಳು 1ನೇ ತಾರೀಖಿಂದ ನಮ್ಮ ಆರ್ಡರ್ ಸೈಟಲ್ಲಿ ಪಾಸ್‌ವರ್ಡೂ ಇರಲ್ಲ, ಓಟಿಪಿನೂ ಇರಲ್ಲ, ಪಾಸ್‌ಕೀ ಒಂದೇ, ಅಂದ್ರೆ ಏನೂ ಟೈಪ್ ಮಾಡದೆ ನಿಮ್ಮ ಫೋನಿನ ಲಾಕ್ ತೆಗೆದಂಗೇ ಲಾಗಿನ್ ಆಗೋದು. ಕಾರಣ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಹೋದ ದೀಪಾವಳಿ ಹೊತ್ನಲ್ಲಿ ನಮ್ಮ ಹಳೇ ಗಿರಾಕಿ ಒಬ್ರಿಗೆ ವಾಟ್ಸಾಪಲ್ಲಿ ಲಿಂಕ್ ಬಂತು, ಒತ್ತಿದ್ರೆ ಥೇಟ್ ನಮ್ಮ ಸೈಟ್ ಥರಾನೇ ಇತ್ತು, ಹೆಸರಲ್ಲಿ ಒಂದಕ್ಷರ ಬೇರೆ ಅಷ್ಟೆ, ಅವ್ರು ಪಾಸ್‌ವರ್ಡ್ ಹಾಕಿದ್ರು, ಓಟಿಪಿ ಬಂತು ಅದನ್ನೂ ಹಾಕಿದ್ರು, ಆ ಕಡೆ ಕೂತಿದ್ದೋನು ಅದೇ ನಿಮಿಷಕ್ಕೆ ಅವೆರಡನ್ನೂ ನಮ್ಮ ನಿಜವಾದ ಸೈಟಿಗೆ ಹಾಕಿ ಒಳಗೆ ಬಂದು ಅವ್ರ ಉದ್ರಿ ಲೆಕ್ಕದ ಮೇಲೆ ಎಣ್ಣೆ ಡಬ್ಬ, ಸಕ್ಕರೆ ಮೂಟೆ ಬರೆಸಿ ವಿಳಾಸ ಬದಲಾಯಿಸಿಬಿಟ್ಟಿದ್ದ. ಲೋಡ್ ಮಾಡೋ ಹುಡುಗ ಹೊಸ ವಿಳಾಸ ನೋಡಿ ಅನುಮಾನ ಬಂದು ಫೋನ್ ಮಾಡಿದ್ದಕ್ಕೆ ಮಾಲು ಉಳೀತು. ಆ ಅಣ್ಣಾರದ್ದು ತಪ್ಪು ಅಂತ ನಾವು ಯಾವತ್ತೂ ಅಂದಿಲ್ಲ. ಪಾಸ್‌ವರ್ಡ್ ಅಂದ್ರೆ ಒಂದು ಗುಟ್ಟಿನ ಮಾತು, ಕೇಳಿದೋರ ಮುಂದೆ ಹೇಳಿದ್ರೆ ಮುಗೀತು, ಕೇಳ್ತಿರೋದು ನಾವೋ ಕಳ್ಳನೋ ಅಂತ ಆ ಮಾತಿಗೇನು ಗೊತ್ತಾಗುತ್ತೆ?

ಪಾಸ್‌ಕೀಲಿ ಹೇಳೋ ಮಾತೇ ಇಲ್ಲ. ನೀವು ಒಂದ್ಸಲ ರಿಜಿಸ್ಟರ್ ಮಾಡಿದಾಗ ನಿಮ್ಮ ಫೋನು ಜೋಡಿ ಕೀ ಮಾಡುತ್ತೆ, ಅದ್ರಲ್ಲಿ ಗುಟ್ಟಿನದು ನಿಮ್ಮ ಹತ್ರಾನೇ ಉಳಿಯುತ್ತೆ, ಇನ್ನೊಂದು ನಮ್ಮ ಸರ್ವರಿಗೆ ಬರುತ್ತೆ. ಆಮೇಲೆ ಲಾಗಿನ್ ಆಗೋವಾಗೆಲ್ಲ ನಾವು ಒಂದು ಹೊಸಾ ಅಂಕಿ ಕಳಿಸ್ತೀವಿ, ನೀವು ಬೆರಳಿಟ್ರೆ ಫೋನು ಗುಟ್ಟಿನ ಕೀಯಿಂದ ಅದಕ್ಕೆ ಸಹಿ ಹಾಕಿ ವಾಪಸ್ ಕಳಿಸುತ್ತೆ, ಸಹಿ ಸರಿ ಐತೋ ಇಲ್ವೋ ಅಂತ ನಮ್ಮ ಹತ್ರ ಇರೋ ಕೀ ನೋಡಿ ಹೇಳುತ್ತೆ. ಬ್ಯಾಂಕಲ್ಲಿ ನಿಮ್ಮ ಮಾದರಿ ಸಹಿ ಇಟ್ಕೊಂಡಿರ್ತಾರಲ್ಲ ಹಂಗೇ, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಮಾದರಿ ನೋಡ್ಕೊಂಡು ಯಾರೂ ಸಹಿ ನಕಲು ಮಾಡೋಕಾಗಲ್ಲ. ನಾಳೆ ನಮ್ಮ ಸರ್ವರೇ ಕಳುವಾದ್ರೂ ಅದ್ರಿಂದ ಯಾರೂ ನೀವಾಗಿ ಲಾಗಿನ್ ಆಗೋಕಾಗಲ್ಲ. ನಿಮ್ಮ ಬೆರಳಚ್ಚು ನಮಗೆ ಬರೋದೂ ಇಲ್ಲ, ಅದು ಫೋನ್ ಒಳಗೇ ಮುಗಿಯುತ್ತೆ. ಇನ್ನು ಪಾಸ್‌ಕೀ ನಮ್ಮ ಸೈಟಿನ ಹೆಸರಿಗೇ ಅಂಟ್ಕೊಂಡಿರುತ್ತೆ, ಒಂದಕ್ಷರ ಬೇರೆ ಇದ್ರೆ ಫೋನು ಅದನ್ನ ಅಲ್ಲಿ ತೋರ್ಸೋದೇ ಇಲ್ಲ, ನೀವು ಮೋಸ ಹೋದ್ರೂ ಫೋನು ಮೋಸ ಹೋಗಲ್ಲ.

ಹಂಗಾದ್ರೆ ಫೋನೇ ಕಳೆದ್ರೆ? ನಿಮ್ಮಲ್ಲಿ ಹತ್ತು ಜನ ಕೇಳಿದ್ದು ಇದನ್ನೇ, ಈ ಪತ್ರ ಬರೆದಿದ್ದೂ ಇದಕ್ಕೇನೇ.

ಇಲ್ಲೀವರೆಗೆ ನಮ್ಮ ಜನಕ್ಕೆ ಏನ್ ರೂಢಿ ಅಂದ್ರೆ ಫೋನ್ ಹೋದ್ರೆ ಡೂಪ್ಲಿಕೇಟ್ ಸಿಮ್ ತಗೋ, ಅದೇ ನಂಬರ್ ಬಂತು, ಓಟಿಪಿ ಬಂತು, ಎಲ್ಲಾ ವಾಪಸ್ ಬಂತು. ಪಾಸ್‌ಕೀ ಹಂಗಲ್ಲ ರೀ. ಅದಕ್ಕೂ ಸಿಮ್ಮಿಗೂ ಸಂಬಂಧಾನೇ ಇಲ್ಲ, ನಂಬರ್ ವಾಪಸ್ ಬಂದ್ರೂ ಪಾಸ್‌ಕೀ ಬರಲ್ಲ. ಆಂಡ್ರಾಯ್ಡಲ್ಲಿ ಸಾಮಾನ್ಯವಾಗಿ ಅದು ಗೂಗಲ್ ಪಾಸ್‌ವರ್ಡ್ ಮ್ಯಾನೇಜರಲ್ಲಿ ಬೀಗ ಹಾಕಿದ ರೂಪದಲ್ಲಿ ಬ್ಯಾಕಪ್ ಆಗಿರುತ್ತೆ, ಆ ಬೀಗ ತೆಗೆಯೋಕೆ ಎರಡು ಬೇಕು: ಅದೇ ಗೂಗಲ್ ಅಕೌಂಟು, ಜೊತೆಗೆ ಹಳೇ ಫೋನಿನ ಸ್ಕ್ರೀನ್ ಲಾಕ್ ಪಿನ್ನೋ ಪ್ಯಾಟರ್ನೋ, ಇಲ್ಲಾ ಆ ಪಾಸ್‌ವರ್ಡ್ ಮ್ಯಾನೇಜರಿಗೇ ನೀವು ಬೇರೆ ಪಿನ್ ಇಟ್ಟಿದ್ರೆ ಆ ಪಿನ್ನು.

ಜಗಳೂರು ಕಡೆ ಅಂಗಡಿ ಇರೋ ಒಬ್ರು ಸಂತೆ ಮುಗಿಸ್ಕೊಂಡು ಬಸ್ಸಲ್ಲಿ ಬರೋವಾಗ ಫೋನ್ ಕಳ್ಕೊಂಡ್ರು ಅಂತ ಇಟ್ಕೊಳ್ರಿ. ಮಾರನೇ ದಿನ ಹೊಸ ಆಂಡ್ರಾಯ್ಡ್ ತಗೊಂಡ್ರು, ಸಿಮ್ ತಗೊಂಡ್ರು, ಹಳೇ ಜೀಮೇಲ್ ಹಾಕಿ ಒಳಗೆ ಹೋದ್ರು. ನಮ್ಮ ಸೈಟ್ ತೆಗೆದ್ರೆ ಹಳೇ ಫೋನಿನ ಸ್ಕ್ರೀನ್ ಲಾಕ್ ಹಾಕು ಅಂತ ಕೇಳುತ್ತೆ, ಹಾಕಿದ್ರೆ ಪಾಸ್‌ಕೀ ಬಂತು, ಅದನ್ನ ವಾಪಸ್ ತಗೊಳ್ಳೋಕೆ ನಮ್ಮ ಸಹಾಯಾನೇ ಬೇಕಿಲ್ಲ. ಆದ್ರೆ ವರ್ಷಾನುಗಟ್ಲೆ ಬರೀ ಬೆರಳಲ್ಲೇ ಫೋನ್ ತೆಗೀತಿದ್ದೋರಿಗೆ ಪಿನ್ ನೆನಪಿರಲ್ಲ, ಹೊಸ ಫೋನಲ್ಲಿ ಬೆರಳು ನಡೆಯಲ್ಲ, ಊಹೆ ಮಾಡ್ಕೊಂಡು ಒತ್ತುತಾ ಹೋದ್ರೆ ಹತ್ತು ತಪ್ಪಿನ ಒಳಗೇ ಬ್ಯಾಕಪ್ ಶಾಶ್ವತವಾಗಿ ಮುಚ್ಚಿಹೋಗುತ್ತೆ. ನೆನಪಿಲ್ಲ ಅನ್ನಿಸಿದ್ರೆ ನಾಲ್ಕೈದು ಸಲಕ್ಕೇ ನಿಲ್ಸಿ, ಎರಡು ದಿನ ಬಿಟ್ಟು ಯೋಚ್ನೆ ಮಾಡಿ ಹಾಕ್ರಿ.

ಇದಕ್ಕಿಂತ ನಮಗೆ ಹೆದರಿಕೆ ಇರೋದು ಬೇರೆ ಕಡೆ. ಎಷ್ಟೋ ಜನರ ಜೀಮೇಲ್ ಮೊಬೈಲ್ ಅಂಗಡಿ ಹುಡುಗ ಮಾಡ್ಕೊಟ್ಟಿದ್ದು, ಪಾಸ್‌ವರ್ಡ್ ಏನು ಅಂತ ಅವ್ನಿಗೂ ನೆನಪಿಲ್ಲ ಇವ್ರಿಗೂ ಗೊತ್ತಿಲ್ಲ, ಹೊಸ ಫೋನಿಗೆ ಅವ್ನು ಇನ್ನೊಂದು ಹೊಸಾ ಜೀಮೇಲ್ ಮಾಡಿ ಕೊಟ್ಬಿಡ್ತಾನೆ, ಆಗ ಹಳೇ ಪಾಸ್‌ಕೀ ಹಳೇ ಅಕೌಂಟಲ್ಲೇ ಉಳಿದುಹೋಗುತ್ತೆ. ಇವತ್ತೇ ಫೋನ್ ಸೆಟ್ಟಿಂಗ್ಸ್ ತೆಗೆದು ಯಾವ ಜೀಮೇಲ್ ಐತೆ ನೋಡ್ರಿ, ಪಾಸ್‌ವರ್ಡ್ ಗೊತ್ತಿಲ್ಲ ಅಂದ್ರೆ ಫೋನ್ ಕೈಲಿರೋವಾಗ್ಲೇ ಬದಲಾಯಿಸ್ಕೊಳ್ರಿ. ಐಫೋನಲ್ಲೂ ಇದೇ ಲೆಕ್ಕ, ಆಪಲ್ ಅಕೌಂಟು ಮತ್ತೆ ಹಳೇ ಪಾಸ್‌ಕೋಡ್ ಬೇಕು, ಐಫೋನ್ ಕಳ್ಕೊಂಡು ಆಂಡ್ರಾಯ್ಡ್ ತಗೊಂಡ್ರೆ ಪಾಸ್‌ಕೀ ತಾನಾಗೇ ಆ ಕಡೆಗೆ ಬರಲ್ಲ.

ಇದ್ಯಾವ್ದೂ ಆಗ್ಲಿಲ್ಲ ಅಂದ್ರೆ ನೀವೇ ಅಂಗಡಿಗೆ ಬರಬೇಕು. ಓಟಿಪಿ ಕಳಿಸಿ ಫೋನಲ್ಲೇ ಮಾಡ್ಕೊಡ್ರಿ ಅಂತ ಕೇಳ್ತೀರಿ, ಆಗಲ್ಲ ಅಂತೀವಿ, ಬೇಜಾರಾಗ್ಬ್ಯಾಡ್ರಿ. ಮುಂಬಾಗಿಲಿಗೆ ಗಟ್ಟಿ ಬೀಗ ಹಾಕಿ ಹಿಂಬಾಗಿಲಲ್ಲಿ ಓಟಿಪಿ ಇಟ್ರೆ ಕಳ್ಳ ಹಿಂಬಾಗಿಲಿಗೇ ಬರ್ತಾನೆ, ನಿಮ್ಮ ಹೆಸರಲ್ಲಿ ಸಿಮ್ ತೆಗೆಸಿದ್ರೆ ಸಾಕಾಗುತ್ತೆ ಅವ್ನಿಗೆ. ಗುರುತಿನ ಚೀಟಿ, ನಮ್ಮ ಹಳೇ ಬಿಲ್ಲು ಒಂದು ತನ್ನಿ, ನಾವು ಮೊದ್ಲು ಹಳೇ ಪಾಸ್‌ಕೀ ಸರ್ವರಿಂದ ತೆಗೆದು, ಆಮೇಲೆ ನಿಮ್ಮ ಹೊಸ ಫೋನಿಗೆ ಒಂದು ಲಿಂಕ್ ಕೊಡ್ತೀವಿ, 15 ನಿಮಿಷ ನಡೆಯುತ್ತೆ, ನಮ್ಮೆದುರೇ ಹೊಸದು ರಿಜಿಸ್ಟರ್ ಮಾಡ್ಕೊಳ್ರಿ. ಅದಾದ ಮೇಲೆ 24 ಗಂಟೆ ನಗದು ಆರ್ಡರ್ ನಡೆಯುತ್ತೆ, ಉದ್ರಿ ಮತ್ತು ವಿಳಾಸ ಬದಲಾವಣೆ ನಡೆಯಲ್ಲ.

ದೂರದೋರಿಗೆ ಇದು ಕಷ್ಟ ಅಂತ ಗೊತ್ತು, ಹೊನ್ನಾಳಿಯಿಂದ ಇದಕ್ಕೇ ಬಸ್ ಹತ್ತಿ ಬಾ ಅನ್ನೋಕೆ ನಮಗೂ ಮನಸ್ಸಿಲ್ಲ. ಅದಕ್ಕೇ ಎಲ್ಲರೂ ಎರಡನೇ ಪಾಸ್‌ಕೀ ಮಾಡ್ಕೊಳ್ಲೇಬೇಕು ಅಂತ ಕೇಳ್ಕೊಳ್ತೀವಿ, ಮನೆಯೋರ ಫೋನಲ್ಲೋ ಮಗನ ಫೋನಲ್ಲೋ, ಅದು ಅವರ ಗೂಗಲ್ ಅಕೌಂಟಲ್ಲಿ ಇರುತ್ತೆ. ನಿಮ್ಮ ಫೋನ್ ಹೋದ್ರೆ ಅವ್ರ ಫೋನಿಂದ ಲಾಗಿನ್ ಆಗಿ ಕಳೆದ ಫೋನಿನ ಪಾಸ್‌ಕೀ ತೆಗೆದುಹಾಕಿದ್ರೆ ಆಯ್ತು. ಒಂದು ಎಚ್ಚರ, ಆ ಫೋನಿನ ಪಿನ್ ಯಾರ್ಯಾರಿಗೆ ಗೊತ್ತೋ ಅವ್ರೆಲ್ಲ ನಿಮ್ಮ ಲೆಕ್ಕ ತೆಗೀಬಹುದು, ಅಂಗಡಿ ಹುಡುಗ್ರಿಗೆ ಪಿನ್ ಕೊಟ್ಟಿದ್ರೆ ಬದಲಾಯಿಸ್ರಿ.

ಫೋನ್ ಕಳೆದ ದಿನ ನಮಗೆ ಒಂದು ಕರೆ ಮಾಡ್ರಿ, ಲೆಕ್ಕಕ್ಕೆ ತಡೆ ಹಾಕೋಕೆ ಕರೆ ಸಾಕು. ಸಿಕ್ಕೋನು ಸ್ಕ್ರೀನ್ ಲಾಕ್ ದಾಟದೆ ಪಾಸ್‌ಕೀ ಬಳಸೋಕಾಗಲ್ಲ, ಆದ್ರೂ ಮಾಡ್ರಿ. android.com/find ಲಿ ಫೋನ್ ಅಳಿಸ್ಬಹುದು, sancharsaathi.gov.in ಲಿ ಬ್ಲಾಕ್ ಮಾಡಿಸ್ಬಹುದು, ಆದ್ರೆ ಇವೆರಡೂ ನಮ್ಮ ಸರ್ವರಲ್ಲಿರೋ ಪಾಸ್‌ಕೀ ತೆಗೆಯಲ್ಲ, ಅದನ್ನ ನಾವೋ ನೀವೋ ಸೈಟಲ್ಲೇ ತೆಗೀಬೇಕು.

ಈ ತಿಂಗಳು ಪೂರ್ತಿ ಸಂಜೆ 4ರಿಂದ 7ರವರೆಗೆ ಅಂಗಡೀಲಿ ಒಬ್ರು ಇದಕ್ಕೇ ಕೂತಿರ್ತಾರೆ, ಬರೋವಾಗ ಎರಡೂ ಫೋನ್ ತರ್ರಿ.

ನಿಮ್ಮ ಚೌಕಿಪೇಟೆ ಅಂಗಡಿಯೋರು