ಎಷ್ಟು ಹೊತ್ತು ನೋಡುತ್ತಾರೆ ಎಂಬುದಲ್ಲ ಪ್ರಶ್ನೆ

ಸಂಪಾದಕರಿಗೆ,

ಮಾನ್ಯರೇ,

ಅಶ್ಲೀಲ ವಿಡಿಯೊಗಳ ಗೀಳಿನಿಂದ ಸಂಸಾರ ಹದಗೆಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಅದು ಕೊಟ್ಟ ಸಲಹೆ ಎರಡೇ: ಮೊಬೈಲಿಗೆ ಬ್ಲಾಕರ್ ಹಾಕಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಈ ಎರಡನ್ನೂ ಹತ್ತಾರು ಸಲ ಮಾಡಿ ಸೋತ ಮೇಲೆಯೇ ಜನ ಆಪ್ತಸಮಾಲೋಚಕರ ಬಾಗಿಲು ತಟ್ಟುವುದು.

ಮೊದಲಿಗೆ, ಗೀಳು ಯಾವುದು, ಯಾವುದಲ್ಲ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲೈಂಗಿಕ ವರ್ತನೆ ಕೈಮೀರುವ ತೊಂದರೆಯನ್ನು ಅದು ವ್ಯಸನಗಳ ಸಾಲಿಗೆ ಸೇರಿಸಿಲ್ಲ, ಹತೋಟಿ ತಪ್ಪುವ ತುಡಿತಗಳ ಗುಂಪಿನಲ್ಲಿ ಇಟ್ಟಿದೆ. ಅಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಕೇಳುವುದು ಬೇರೆ: ನಿಲ್ಲಿಸಲು, ಕಡಿಮೆ ಮಾಡಲು ಮತ್ತೆ ಮತ್ತೆ ಯತ್ನಿಸಿ ಸೋತಿದ್ದೀರಾ? ಅದಕ್ಕಾಗಿ ಕೆಲಸ, ನಿದ್ದೆ, ಮನೆಮಂದಿ ಹಿಂದೆ ಸರಿದಿದ್ದಾರಾ? ನಷ್ಟವಾದರೂ, ಸುಖ ಸಿಗದಿದ್ದರೂ ನೋಡುತ್ತಲೇ ಇದ್ದೀರಾ? ಸಾಮಾನ್ಯವಾಗಿ ಇದು ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆದು, ಬದುಕಿಗೆ ಗಣನೀಯ ಪೆಟ್ಟು ಕೊಟ್ಟಿದ್ದರೆ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾರೆ.

ಇದಕ್ಕೊಂದು ಷರತ್ತೂ ಇದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. 'ನೋಡುವುದೇ ಪಾಪ' ಎಂಬ ನಂಬಿಕೆಯಿಂದಷ್ಟೇ ಹುಟ್ಟಿದ ಸಂಕಟ ಈ ಕಾಯಿಲೆಯಲ್ಲ. ತಿಂಗಳಿಗೆ ಎರಡು ಸಲ ನೋಡಿ, ವಾರವಿಡೀ ತನ್ನನ್ನೇ ಶಪಿಸಿಕೊಳ್ಳುವವರಿದ್ದಾರೆ. ಅವರಿಗೆ ಬೇಕಾದ ನೆರವೇ ಬೇರೆ. ಗೀಳು ಬಿಡಿಸುವ ಚಿಕಿತ್ಸೆಗೆ ಕೂರಿಸಿದರೆ ಅವರ ನಾಚಿಕೆ ಇನ್ನಷ್ಟು ಬಲಿಯುತ್ತದೆ, ಅಷ್ಟೇ.

ಈಗ ಒಂದು ಉದಾಹರಣೆ. ಮೂವತ್ತೆಂಟರ ಗಂಡ, ಮದುವೆಯಾಗಿ ಹತ್ತು ವರ್ಷ. (ಹೆಂಗಸರಲ್ಲೂ ಈ ತೊಂದರೆಯಿದೆ, ಬಾಯಿಬಿಡುವುದು ಕಡಿಮೆ.) ಹೆಂಡತಿಯ ದೂರು ವಿಡಿಯೊ ಬಗ್ಗೆ ಶುರುವಾಗಿದ್ದೇ ಅಲ್ಲ. ಅವರು ಕಂಡಿದ್ದು: ಮಲಗುವ ಹೊತ್ತು ದಿನದಿನಕ್ಕೆ ಬೇರೆಯಾಯಿತು, ಮೊಬೈಲು ಬಚ್ಚಲಿಗೂ ಹೋಗತೊಡಗಿತು, ಬಳಿ ಬಂದರೆ 'ಸುಸ್ತು' ಎಂಬ ಉತ್ತರ, ಕೇಳಿದರೆ ಸಿಡುಕು. ಸಂಬಂಧಕ್ಕೆ ಪೆಟ್ಟು ಬೀಳುತ್ತಿದೆ ಎಂದು ಗುರುತಿಸುವುದು ಇಂಥ ಬದಲಾವಣೆಗಳಿಂದ. ಇವೇ ಲಕ್ಷಣ ಖಿನ್ನತೆಯಲ್ಲೂ ಇರುತ್ತವೆ, ಸಾಲದ ಚಿಂತೆಯಲ್ಲೂ ಇರುತ್ತವೆ. ಆದ್ದರಿಂದ ಆಪಾದಿಸುವ ಮುನ್ನ ಕೇಳಬೇಕು. ನೋಡುವುದಕ್ಕಿಂತ ಹೆಚ್ಚಾಗಿ ಸಂಸಾರವನ್ನು ಕೊರೆಯುವುದು ಸುಳ್ಳು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಗಂಡನಿಗೆ ಮೊದಲು ಕೊಡುವ ಕೆಲಸ ಎರಡು ವಾರದ ಪಟ್ಟಿ. ಬಿಡುವ ಶಪಥ ಬೇಡ, ಬರೆದರೆ ಸಾಕು: ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು, ಎಷ್ಟು ಹೊತ್ತು, ಆಮೇಲೆ ಹೇಗನ್ನಿಸಿತು. ಹದಿನಾಲ್ಕು ದಿನಗಳಲ್ಲಿ ಒಂಬತ್ತು ಸಲ ಎಂದಿಟ್ಟುಕೊಳ್ಳಿ. ಅದರಲ್ಲಿ ಏಳು ರಾತ್ರಿ ಹನ್ನೊಂದೂವರೆಯ ನಂತರ, ಹಾಸಿಗೆಯಲ್ಲೇ. ಆ ಏಳರಲ್ಲಿ ಐದು ಮೇಲಧಿಕಾರಿಯ ಬೈಗುಳ ತಿಂದ ದಿನ, ಇಲ್ಲವೇ ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ. ನಿಜಕ್ಕೂ ಕಾಮದ ಬಯಕೆಯಿಂದ ಶುರುವಾಗಿದ್ದು ಎರಡೇ ಸಲ. ಅಂದರೆ ವಿಡಿಯೊ ಇಲ್ಲಿ ನೋವು ಮರೆಸುವ ಮದ್ದಾಗಿದೆ. ಬರೀ ಬ್ಲಾಕರ್ ಸೋಲುವುದು ಇದಕ್ಕೇ. ದಾರಿ ಮುಚ್ಚಿದರೂ ನೋವು ಅಲ್ಲೇ ಇರುತ್ತದೆ, ಇನ್ನೊಂದು ದಾರಿ ಹುಡುಕಲು ಐದು ನಿಮಿಷ ಸಾಕು.

ಪಟ್ಟಿಯಿಂದಲೇ ಯೋಜನೆ ಹುಟ್ಟುತ್ತದೆ. ಮೊಬೈಲು ಹತ್ತೂವರೆಗೆ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ, ಎಬ್ಬಿಸಲು ಬೇರೆ ಅಲಾರಾಂ ಗಡಿಯಾರ. ಬ್ಲಾಕರ್ ಕೂಡ ಇರಲಿ, ತಡವಾಗಿಸಲು ಅದು ಒಳ್ಳೆಯದೇ. ಬೈಗುಳ ತಿಂದ ದಿನ ಮನೆಗೆ ಬಂದೊಡನೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು: ಇಪ್ಪತ್ತು ನಿಮಿಷದ ನಡಿಗೆಯೋ, ಹೆಂಡತಿಗೆ 'ಇವತ್ತು ದಿನ ಸರಿಹೋಗಲಿಲ್ಲ' ಎಂಬ ಒಂದು ಮಾತೋ. ತುಡಿತ ಬಂದಾಗ ಅದರೊಂದಿಗೆ ಗುದ್ದಾಡಬಾರದು. ಅದು ಅಲೆಯ ಹಾಗೆ ಏರಿ ಇಳಿಯುತ್ತದೆ. ಮೈಯಲ್ಲಿ ಎಲ್ಲಿ ಬಿಗಿಯಾಗಿದೆ ಎಂದು ಗಮನಿಸುತ್ತಾ ಅರ್ಧ ಗಂಟೆ ಕಳೆದರೆ ಸಾಮಾನ್ಯವಾಗಿ ಜೋರು ತಗ್ಗುತ್ತದೆ. 'ಯೋಚಿಸಲೇಬಾರದು' ಎಂದು ಪಣ ತೊಟ್ಟವರಿಗೆ ಅದೇ ಯೋಚನೆ ಹೆಚ್ಚು. ಎಡವಿದ ದಿನ ಅದನ್ನೂ ಪಟ್ಟಿಗೆ ಬರೆಯಬೇಕು. 'ಹೇಗೂ ಹಾಳಾಯಿತು' ಎಂದು ವಾರವಿಡೀ ಮುಳುಗುವುದೇ ಒಂದು ರಾತ್ರಿಯ ಎಡವಟ್ಟಿಗಿಂತ ದೊಡ್ಡ ನಷ್ಟ.

ಹೆಂಡತಿ ಪೊಲೀಸ್ ಆಗಬಾರದು. ದಿನಾ ಮೊಬೈಲು ತಪಾಸಿಸಿದರೆ ಗಂಡ ಅಡಗಿಸುವುದರಲ್ಲಿ ಪಳಗುತ್ತಾನೆ, ಆಕೆಗೆ ನಿದ್ದೆ ಹೋಗುತ್ತದೆ. ತನಗೆ ಇದರಿಂದ ಏನಾಗುತ್ತಿದೆ, ಏನನ್ನು ತಾನು ಒಪ್ಪುವುದಿಲ್ಲ ಎಂದು ಆಕೆ ಹೇಳಬಹುದು, ಹೇಳಬೇಕು. ಕಾವಲು ಬೇಕಿದ್ದರೆ ಅದು ಸಮಾಲೋಚಕರದ್ದೋ ನಂಬಿಕಸ್ಥ ಗೆಳೆಯನದ್ದೋ ಆಗಲಿ. 'ನಾನು ಚೆನ್ನಾಗಿಲ್ಲವೇ' ಎಂಬ ಆಕೆಯ ಪ್ರಶ್ನೆಗೆ ಆ ಪಟ್ಟಿಯೇ ಉತ್ತರ: ಒಂಬತ್ತರಲ್ಲಿ ಏಳು ಸಲ ಅದಕ್ಕೂ ಕಾಮಕ್ಕೂ ಸಂಬಂಧವೇ ಇರಲಿಲ್ಲ.

ತಪ್ಪೊಪ್ಪಿಗೆಯಲ್ಲಿ ಆಗುವ ಎಡವಟ್ಟು ಕಂತು. ಇಂದು ಸ್ವಲ್ಪ, ಸಿಕ್ಕಿಬಿದ್ದಾಗ ಇನ್ನು ಸ್ವಲ್ಪ. ಪ್ರತಿ ಕಂತಿಗೂ ನಂಬಿಕೆ ಮೊದಲಿಂದ ಮುರಿಯುತ್ತದೆ. ಸಮಾಲೋಚಕರ ಎದುರು, ತಯಾರಿ ಮಾಡಿಕೊಂಡು, ಒಂದೇ ಸಲಕ್ಕೆ ಹೇಳುವುದು ಮೇಲು: ಯಾವಾಗಿನಿಂದ, ಎಷ್ಟು ಸಲ, ದುಡ್ಡು ಖರ್ಚಾಗಿದೆಯೇ, ಪರದೆಯಾಚೆ ನಿಜವಾದ ವ್ಯಕ್ತಿಯ ಜೊತೆ ಮಾತುಕತೆ ಇತ್ತೇ. ನೋಡಿದ ದೃಶ್ಯಗಳ ವಿವರ ಮಾತ್ರ ಬೇಡ. ಕೇಳಿದವರ ತಲೆಯಲ್ಲಿ ಅವು ಅಂಟಿಕೊಂಡುಬಿಡುತ್ತವೆ. ಹೊಡೆತ, ಬಲವಂತ ಇರುವ ಮನೆಯಲ್ಲಿ ಜೋಡಿ ಸಮಾಲೋಚನೆಗೆ ಕೈಹಾಕಬಾರದು. ಅಲ್ಲಿ ಆಕೆಯ ಸುರಕ್ಷೆ ಮೊದಲು, ನೆರವೂ ಪ್ರತ್ಯೇಕವಾಗಿ.

ಯಾರ ಬಳಿ ಹೋಗಬೇಕು? ವರ್ತನೆ ಬದಲಿಸುವ ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಮೊದಲ ಆಯ್ಕೆ. ಸುಮಾರು ಹನ್ನೆರಡು ಭೇಟಿಗಳ ಲೆಕ್ಕ ಇಟ್ಟುಕೊಳ್ಳಿ. ಖಿನ್ನತೆ, ಆತಂಕ ಅಥವಾ ಏರಿಳಿತದ ಮನೋರೋಗ ಜೊತೆಗಿದ್ದರೆ ಮನೋವೈದ್ಯರು ಬೇಕು. ಇದಕ್ಕೆಂದೇ ಮೀಸಲಾದ ಮಾತ್ರೆ ಇಲ್ಲ. ನಾಲ್‌ಟ್ರೆಕ್ಸೋನ್‌ನಂಥವನ್ನು ಕೆಲವರಿಗೆ ಕೊಡುತ್ತಾರೆ, ಅದು ವೈದ್ಯರ ನಿಗಾದಲ್ಲಿ ಮಾತ್ರ. ಪಾರ್ಕಿನ್ಸನ್ ಕಾಯಿಲೆಯ ಪ್ರಾಮಿಪೆಕ್ಸೋಲ್, ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಶುರುವಾದ ಮೇಲೆ ಈ ತುಡಿತ ಹೊಸದಾಗಿ ಬಂದಿದ್ದರೆ ಕಾರಣ ಮಾತ್ರೆಯೇ ಇರಬಹುದು. ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು. ನಿಮಿರುವಿಕೆಯ ತೊಂದರೆಯನ್ನೂ ನೇರವಾಗಿ ವಿಡಿಯೊದ ತಲೆಗೆ ಕಟ್ಟಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆಯ ಮಾತ್ರೆಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಹೆಚ್ಚಿನವರು ವೈದ್ಯರ ಮುಂದೆ ಕೂತು 'ನಿದ್ದೆ ಬರುತ್ತಿಲ್ಲ' ಎಂದಷ್ಟೇ ಹೇಳಿ, ನಿದ್ದೆ ಮಾತ್ರೆಯ ಚೀಟಿ ಹಿಡಿದು ವಾಪಸಾಗುತ್ತಾರೆ. ಹೇಳಲು ಬಾಯಿ ಬಾರದಿದ್ದರೆ ಕಾಗದದಲ್ಲಿ ಬರೆದು ಮೇಜಿನ ಮೇಲಿಡಿ: 'ಪೋರ್ನ್ ನೋಡುವುದನ್ನು ನಿಲ್ಲಿಸಲು ಹಲವು ತಿಂಗಳಿಂದ ಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ. ಮನೆಯಲ್ಲಿ ಜಗಳವಾಗುತ್ತಿದೆ.'

— ದಾಂಪತ್ಯ ಸಮಾಲೋಚನೆಯಲ್ಲಿ ತೊಡಗಿರುವ ಇಬ್ಬರು