ಸ್ಕ್ಯಾನ್ ಪ್ರತಿಯನ್ನು ಹೀಗೆ ಓದು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಎಸ್ಸೆಸ್ಸೆಲ್ಸಿ ಗಣಿತದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಪುಟಪುಟವಾಗಿ ನೋಡಿದೆ. 80ಕ್ಕೆ 22 ಬಂದಿದೆ. ನಾವೀಗ ನೋಡಬೇಕಾದದ್ದು ಹೋದ 58 ಅಂಕಗಳನ್ನು. ಪೂರಕ ಪರೀಕ್ಷೆ ಈಗ ಪರೀಕ್ಷೆ-2 ಎಂಬ ಹೆಸರಿನಲ್ಲಿ ಬೇಗ ಬಂದುಬಿಡುತ್ತದೆ. ಮೊದಲ ಅಧ್ಯಾಯದಿಂದ ಪುಸ್ತಕ ಹಿಡಿದು ಕೂತರೆ ಗೊತ್ತಿರುವುದನ್ನೇ ಮತ್ತೆ ಓದುತ್ತಾ ದಿನ ಕಳೆದುಹೋಗುತ್ತದೆ.

ಒಳಪುಟಗಳ ಅಂಕಗಳನ್ನು ನೀನೇ ಕೂಡಿ ಮುಖಪುಟದ ಮೊತ್ತಕ್ಕೆ ಹೋಲಿಸು. ಅಂಕವನ್ನೇ ಹಾಕದೆ ಬಿಟ್ಟ ಉತ್ತರವಿದೆಯೇ ಎಂದೂ ನೋಡು. ಇದ್ದರೆ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಅರ್ಜಿ ಹಾಕೋಣ. ಆದರೆ ಅದರ ಫಲಿತಾಂಶಕ್ಕೆ ಕಾಯುತ್ತಾ ಓದು ನಿಲ್ಲಿಸಬೇಡ.

ಆಮೇಲೆ ಪರೀಕ್ಷಾ ಮಂಡಲಿಯ ಮಾದರಿ ಉತ್ತರ ತೆರೆಯುವ ಮೊದಲು ಒಂದು ಕೆಲಸವಿದೆ. ಅಂಕ ಹೋದ ಪ್ರತಿ ಪ್ರಶ್ನೆಯನ್ನೂ ಪುಸ್ತಕ ಮುಚ್ಚಿ, ಹೊಸ ಹಾಳೆಯಲ್ಲಿ, ಗಡಿಯಾರ ನೋಡಿಕೊಂಡು ಮತ್ತೆ ಮಾಡು. ಮಾದರಿ ಉತ್ತರ ಮೊದಲೇ ಕಣ್ಣಿಗೆ ಬಿದ್ದರೆ ಎಲ್ಲವೂ ಗೊತ್ತಿದ್ದಂತೆಯೇ ಅನ್ನಿಸುತ್ತದೆ, ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಈಗ ಸರಿಯಾಗಿ ಬಂದರೆ ಅಂದು ಹೋದದ್ದು ಸಮಯದಿಂದ ಅಥವಾ ಅವಸರದಿಂದ. ಈಗಲೂ ಬರದಿದ್ದರೆ ವಿಷಯವೇ ಬಂದಿಲ್ಲ.

ಒಂದು ಹಾಳೆಯಲ್ಲಿ ಪ್ರಶ್ನೆ ಸಂಖ್ಯೆ, ಅಧ್ಯಾಯ, ಹೋದ ಅಂಕ, ಕಾರಣ ಎಂದು ನಾಲ್ಕು ಕಲಂ ಹಾಕಿಕೊ. ಕಾರಣದ ಕಲಮಿನಲ್ಲಿ 'ಕಷ್ಟವಿತ್ತು' ಎಂದು ಬರೆದರೆ ಉಪಯೋಗವಿಲ್ಲ, ತಪ್ಪಿದ ಸಾಲನ್ನೇ ಬರೆ. ನಿನ್ನ ಪತ್ರಿಕೆಯನ್ನು ನಾನು ವಿಂಗಡಿಸಿದಾಗ ಕಂಡದ್ದು ಇದು: ಬರೆಯದೇ ಬಿಟ್ಟದ್ದು 26, ವಿಧಾನವೇ ತಪ್ಪಿದ್ದು 14, ಹಂತ ಬಿಟ್ಟದ್ದು 9, ಲೆಕ್ಕದ ತಪ್ಪು 6, ಪ್ರಶ್ನೆ ತಪ್ಪಾಗಿ ಓದಿದ್ದು 3.

ಕೊನೆಯ ಮೂರೂ ಸೇರಿ 18 ಅಂಕ. ಅಲ್ಲೆಲ್ಲ ನಿನಗೆ ವಿಷಯ ಗೊತ್ತಿತ್ತು, ಆದ್ದರಿಂದ ಅಲ್ಲಿಂದಲೇ ಶುರು ಮಾಡು. 2x² − 5x + 3 = 0 ಸಮೀಕರಣವನ್ನೇ ನೋಡು. ಸೂತ್ರ ಸರಿಯಾಗಿ ಬರೆದಿದ್ದೀಯ, ಬೆಲೆಗಳನ್ನೂ ಆದೇಶಿಸಿದ್ದೀಯ. ಆದರೆ b² ಜಾಗದಲ್ಲಿ ಆವರಣವಿಲ್ಲದೆ −5² ಎಂದು ಬರೆದದ್ದರಿಂದ ಮುಂದಿನ ಸಾಲಿಗೆ ಅದು −25 ಆಯಿತು. ವರ್ಗಮೂಲದೊಳಗೆ −49 ಬಂದು ಅಲ್ಲಿಗೇ ನಿಲ್ಲಿಸಿಬಿಟ್ಟೆ. (−5)² ಎಂದು ಬರೆದಿದ್ದರೆ 25 − 24 = 1 ಆಗಿ, ಮೂಲಗಳು 3/2 ಮತ್ತು 1 ಬರುತ್ತಿದ್ದವು. 2 ಅಂಕದಲ್ಲಿ 1 ಹೋದದ್ದು ಬರೀ ಆವರಣದಿಂದ. ಇದಕ್ಕೆ ವರ್ಗಸಮೀಕರಣದ ಅಧ್ಯಾಯವನ್ನೆಲ್ಲ ಮತ್ತೆ ಓದಬೇಕಿಲ್ಲ. b ಋಣವಾಗಿರುವ ಹತ್ತು ಸಮೀಕರಣಗಳನ್ನು ಆವರಣ ಹಾಕಿ ಬಿಡಿಸು, ಸಾಕು.

ನಕ್ಷೆಯ ಪ್ರಶ್ನೆಯಲ್ಲೂ ಹೀಗೆಯೇ ಆಗಿದೆ. ಎರಡೂ ಕೋಷ್ಟಕ ಸರಿ, ಎರಡೂ ರೇಖೆ ಸರಿ, ಛೇದಿಸುವ ಬಿಂದುವನ್ನೂ ಗುರುತಿಸಿದ್ದೀಯ. x = 3, y = 2 ಎಂದು ಮಾತ್ರ ಬರೆದಿಲ್ಲ. ಪರಿಹಾರಕ್ಕೆಂದೇ ಇಟ್ಟ 1 ಅಂಕ ಹೋಯಿತು.

ಇನ್ನು ಬಿಟ್ಟುಬಿಟ್ಟ 26. ಇದರಲ್ಲಿ 3 ಅಂಕದವು ಮೂರು, 4 ಅಂಕದವು ಮೂರು, 5 ಅಂಕದ್ದು ಒಂದು. ಸಮಯ ಸಾಲಲಿಲ್ಲ ಎಂದೆಯಲ್ಲ, ನಿನ್ನ ಪುಟಗಳೂ ಅದನ್ನೇ ಹೇಳುತ್ತವೆ. 2 ಅಂಕದ ಒಂದೇ ಲೆಕ್ಕವನ್ನು ಎರಡು ಬಾರಿ ಹೊಡೆದುಹಾಕಿ ಮೂರನೇ ಸಲ ಬರೆದಿದ್ದೀಯ. ಒಮ್ಮೆ ಸಿಕ್ಕಿಕೊಂಡರೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗು. ಆದರೆ ಥೇಲ್ಸ್ ಪ್ರಮೇಯ ಬಿಟ್ಟದ್ದಕ್ಕೆ ಸಮಯವೊಂದೇ ಕಾರಣವಲ್ಲ ಎಂದು ನನ್ನ ಅನುಮಾನ. ಪೂರ್ತಿ ಬಾರದಿದ್ದರೆ ಮುಟ್ಟಲೇಬಾರದು ಎಂದುಕೊಂಡಿದ್ದೀಯ. 4 ಅಂಕದ ಪ್ರಮೇಯಕ್ಕೆ ಸಾಮಾನ್ಯವಾಗಿ ಚಿತ್ರ, ದತ್ತ, ಸಾಧನೀಯ, ರಚನೆ ಇವಕ್ಕೆ ತಲಾ ಅರ್ಧ ಅಂಕ, ಸಾಧನೆಗೆ ಉಳಿದ 2. ತ್ರಿಭುಜ ABCಯಲ್ಲಿ BCಗೆ ಸಮಾಂತರವಾಗಿ DE ಎಳೆದು, BE ಮತ್ತು CD ಸೇರಿಸಿ, ಲಂಬಗಳನ್ನು ಹಾಕಿ, ದತ್ತ ಮತ್ತು ಸಾಧನೀಯ ಬರೆಯುವಷ್ಟಕ್ಕೇ ಅರ್ಧದಷ್ಟು ಅಂಕ ಸಿಗುತ್ತದೆ. ಮೊದಲ ಮೂರು ದಿನ ಚಿತ್ರ ಮತ್ತು ರಚನೆಯನ್ನಷ್ಟೇ ನೋಡದೆ ಬರೆ, ಸಾಧನೆಯನ್ನು ಆಮೇಲೆ ಸೇರಿಸಿಕೊ.

ವಿಧಾನ ತಪ್ಪಿದ 14 ಅಂಕಕ್ಕೆ ಮಾತ್ರ ಪಠ್ಯಪುಸ್ತಕ ಬೇಕು. ಅದರಲ್ಲಿ ಹೆಚ್ಚಿನವು ತ್ರಿಕೋನಮಿತಿ ಮತ್ತು ಸಂಖ್ಯಾಶಾಸ್ತ್ರದವು. ಸಂಖ್ಯಾಶಾಸ್ತ್ರ ಮೊದಲು ತೆಗೆದುಕೊ, ಅಲ್ಲಿ ಸೂತ್ರ ಮತ್ತು ಕೋಷ್ಟಕ ಕೈಗೆ ಹತ್ತಿದರೆ ಬೇಗ ಹಿಡಿತ ಸಿಗುತ್ತದೆ.

ಒಂದು ಎಚ್ಚರಿಕೆ. ಬಹು ಆಯ್ಕೆಯ ಎಂಟರಲ್ಲಿ ಊಹಿಸಿ ಸರಿ ಹೊಡೆದವು ಯಾವುವು ಎಂದು ನಿನಗೊಬ್ಬಳಿಗೇ ಗೊತ್ತು. ಅವನ್ನೂ ಪಟ್ಟಿಗೆ ಸೇರಿಸು. ಅಂಕ ಬಂದಿದ್ದರೂ ವಿಷಯ ಬಂದಿಲ್ಲವಲ್ಲ.

ಎರಡು ವಾರದ ನಂತರ ಬೇರೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು 3 ಗಂಟೆ 15 ನಿಮಿಷದಲ್ಲಿ ಬರೆದು, ಇದೇ ಕಲಂಗಳ ಪಟ್ಟಿ ಮಾಡಿ ಎರಡನ್ನೂ ನನಗೆ ಕಳಿಸು. ಹಂತ ಮತ್ತು ಲೆಕ್ಕದ ಸಾಲುಗಳಲ್ಲಿ ಹೋದ ಅಂಕ ಕಡಿಮೆಯಾಗದಿದ್ದರೆ ಹೊಸ ಅಧ್ಯಾಯ ಮುಟ್ಟುವ ಮೊದಲು ಫೋನ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ