ಸಹಿ ಹಾಕಿದ ಪಿಡಿಎಫ್ ತಿದ್ದಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಹಾಕಿದ್ದ ಆಡಿಟ್ ವರದಿಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಒಂದು ಫ್ಲ್ಯಾಟ್ ನಂಬರ್ ತಿದ್ದಿ, ಮತ್ತೆ ಕಳಿಸಿದ್ದಾರೆ. 204 ಇದ್ದದ್ದು 304 ಆಗಿದೆ, ಅಷ್ಟೇ. ಆದರೆ ಈಗ ಅಕ್ರೋಬ್ಯಾಟ್‌ನಲ್ಲಿ ತೆರೆದರೆ ಸಹಿ ಅಮಾನ್ಯ ಅಂತ ಬರುತ್ತಿದೆ.

ಡಿಜಿಟಲ್ ಸಹಿ ಅಂದರೆ ಪುಟದ ಮೇಲೆ ಕಾಣುವ ಆ ಚಿತ್ರವಲ್ಲ. ಸಹಿ ಹಾಕುವಾಗ ಇಡೀ ಫೈಲಿನಿಂದ ಲೆಕ್ಕ ಹಾಕಿ ಒಂದು ಪುಟ್ಟ ಗುರುತು ತೆಗೆಯುತ್ತಾರೆ. ಅದಕ್ಕೆ ಹ್ಯಾಶ್ ಅಂತ ಹೆಸರು. ಆಡಿಟರ್ ಬಳಿ ಇರುವ ಯುಎಸ್‌ಬಿ ಟೋಕನ್ನಿನ ಕೀಲಿಯಿಂದ ಅದಕ್ಕೆ ಮುದ್ರೆ ಬೀಳುತ್ತದೆ. ಒಂದೇ ಅಂಕಿ ಬದಲಾದರೂ ಹೊಸ ಹ್ಯಾಶ್ ಹಳೆಯದಕ್ಕೆ ತಾಳೆಯಾಗುವುದಿಲ್ಲ. ತಿದ್ದಿದ್ದು ಸರಿಯೋ ತಪ್ಪೋ ಅದಕ್ಕೆ ಗೊತ್ತಾಗಲ್ಲ.

ಪ್ರಿಂಟ್ ಟು ಪಿಡಿಎಫ್ ಕೊಟ್ಟರೆ ಎಚ್ಚರಿಕೆ ಹೋಗುತ್ತದೆ, ನಿಜ. ಜೊತೆಗೆ ಸಹಿಯೂ ಹೋಗಿ ಬರೀ ಚಿತ್ರ ಉಳಿಯುತ್ತದೆ. ಅದು ಇನ್ನೂ ಕೆಟ್ಟದ್ದು.

ತಪ್ಪು ಕಂಡರೆ ನನಗೆ ಪುಟದ ಸಂಖ್ಯೆ ಹೇಳಿ. ಮೂಲ ವರ್ಡ್ ಫೈಲಿನಲ್ಲಿ ತಿದ್ದಿ, ಹೊಸ ಪಿಡಿಎಫ್ ಮಾಡಿಸಿ, ಆಡಿಟರ್ ಹತ್ತಿರ ಮತ್ತೆ ಸಹಿ ಹಾಕಿಸುತ್ತೇನೆ. ಪುಟ ಸೇರಿಸುವುದು, ಸೈಜ್ ಇಳಿಸುವುದು ಎಲ್ಲ ಸಹಿಗಿಂತ ಮುಂಚೆಯೇ ಮುಗಿಯಬೇಕು. ಅಧ್ಯಕ್ಷರು, ಖಜಾಂಚಿ ತಮ್ಮ ಸಹಿಯನ್ನು ಆಮೇಲೆ ಸೇರಿಸಬಹುದು. ಆಡಿಟರ್ ಫೈಲನ್ನು ಲಾಕ್ ಮಾಡಿರಬಾರದು, ಅಷ್ಟೇ. ಸಹಿಯ ಆಯ್ಕೆಯಿಂದಲೇ ಹಾಕಿದರೆ ಅದು ಫೈಲಿನ ಕೊನೆಗೆ ಸೇರುತ್ತದೆ, ಮೊದಲ ಸಹಿಗೆ ಏನೂ ಆಗಲ್ಲ.

ನಿನ್ನೆ ಮಧ್ಯಾಹ್ನ ಬಂದ ಆ ತಿದ್ದಿದ ಫೈಲನ್ನು ದಯವಿಟ್ಟು ಅಳಿಸಿಬಿಡಿ.